ಪೋರ್ಟ್‌ಫೋಲಿಯೋ ಜೊತಿ ಪತ್ರ ಕಳಿಸೋರಿಗೆ

ಬೆಳಗಾವಿಯ ಒಂದು ಮಸಾಲಿ ಕಂಪನಿಯ ಡಿಸೈನರ್ ಕೆಲಸಕ್ಕ ನಮ್ಮ ತಂಗಿ ಬರೆದ ಅರ್ಜಿ ಓದಿದ್ನಿ. ಫೋಟೊಶಾಪ್ ಬರ್ತದ, ಇಲಸ್ಟ್ರೇಟರ್ ಬರ್ತದ ಅಂತ ನಾಲ್ಕು ಸಾಲು. ಅದು ರೆಸ್ಯೂಮ್‌ನ್ಯಾಗ ಇದ್ದೇ ಇರ್ತದಲ್ರಿ.

ಕಂಪನಿಯೊಳಗಿನ ಡಿಸೈನರ್ ಅಂದ್ರ ದಿನಾ ಹೊಸಾ ಲೋಗೊ ಮಾಡೋದಲ್ಲ. ಒಂದೇ ಬ್ರ್ಯಾಂಡನ್ನ ಪ್ಯಾಕೆಟ್, ಡಬ್ಬಿ, ಬ್ಯಾನರ್ ಎಲ್ಲಾದ್ರಾಗೂ ಕೆಡದಂಗ ನಿಭಾಯಿಸಬೇಕು. ಅದಕ್ಕ ಪತ್ರದಾಗ ಅಂಥಾದ್ದೇ ಒಂದು ಕೆಲಸ ಹೇಳ್ರಿ. ಆಕಿ ಪತ್ರ ತಿದ್ದಿ ಹಿಂಗ ಮಾಡಿದ್ವಿ:

"ಲಗತ್ತಿಸಿದ ಪೋರ್ಟ್‌ಫೋಲಿಯೋದ 3ನೇ ಪುಟದಲ್ಲಿ ಖಾರದ ಪುಡಿ ಪ್ಯಾಕೆಟ್ ಇದೆ. ಇದು ಕಾಲೇಜಿನ ಪ್ರಾಜೆಕ್ಟ್. ಫೋಟೊ ನನ್ನ ಸಹಪಾಠಿಯದು, ವಿನ್ಯಾಸ ನನ್ನದು. 500 ಗ್ರಾಂ ಪ್ಯಾಕೆಟ್ಟಿನ ವಿನ್ಯಾಸವನ್ನು 100 ಗ್ರಾಂಗೆ ಇಳಿಸಿದಾಗ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿದವು. ಸಾಲಿನ ಅಂತರ ಹೆಚ್ಚಿಸಿ, ತೆಳುವಾದ ಫಾಂಟ್ ಬಳಸಿ, ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು ನೋಡಿದೆ."

ಈ ಒತ್ತಕ್ಷರದ ಮಾತು ಓದಿದ್ರ, ಪ್ರಿಂಟ್ ಮಾಡಿಸಿ ಗೊತ್ತಿದ್ದವರು ಪುಟ ತೆರೆದೇ ನೋಡ್ತಾರ. ಪುಟದ ನಂಬರ್ ಮಾತ್ರ ತಪ್ಪಬ್ಯಾಡ್ರಿ.

ಜಿಮೇಲ್‌ನ್ಯಾಗ ಲಗತ್ತಿಗೆ 25 ಎಂಬಿ ಮಿತಿ. ಪಿಡಿಎಫ್ 10ರೊಳಗ ಇರ್ಲಿ, ಫೈಲಿಗೆ `final2` ಅಲ್ಲ, ನಿಮ್ಮ ಹೆಸರು ಇಡ್ರಿ. ಡ್ರೈವ್ ಲಿಂಕ್ ಕೊಟ್ರ `Anyone with the link` ಮಾಡಿ, ಇನ್‌ಕಾಗ್ನಿಟೊ ವಿಂಡೋದಾಗ ತೆರೆದು ನೋಡ್ರಿ. ನಮ್ಮ ತಂಗಿ ಲಿಂಕ್ ಪರ್ಮಿಶನ್ ಕೇಳ್ತಿತ್ತು!