ಚಾರ್ಜರ್ ಕೇಳಿದವರಿಗೆ ಚಾರ್ಜರ್ ಕೊಡುವ ಮೊದಲು

ಹಾಸನದ ಬಸ್ ನಿಲ್ದಾಣಕ್ಕೆ ಹತ್ತಿರದಲ್ಲಿ ನಾನು ಮೊಬೈಲ್ ಆಕ್ಸೆಸರೀಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಬೇಲೂರು, ಅರಕಲಗೂಡು, ಸಕಲೇಶಪುರದ ಕಡೆಯ ಬಸ್ಸಿಗೆ ಕಾಯುತ್ತಿರುವವರು. ಅವರ ಬಳಿ ಇರುವುದು ಹತ್ತು ನಿಮಿಷ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಅಂಗಡಿ ತೆರೆದ ಹೊಸದರಲ್ಲಿ, ಗ್ಲಾಸ್ ಹಾಕಿಸಲು ಬಂದವರಿಗೆ ಕವರ್, ಇಯರ್‌ಫೋನ್, ಚಾರ್ಜರ್, ಪವರ್ ಬ್ಯಾಂಕ್ ಎಂದು ಒಂದರ ಹಿಂದೆ ಒಂದನ್ನು ಹೇಳುವುದೇ ವ್ಯಾಪಾರವೆಂದು ನಾನು ತಿಳಿದಿದ್ದೆ. ಒಂದು ದಿನ ಮಗಳ ಫೋನಿಗೆ ಗ್ಲಾಸ್ ಹಾಕಿಸುತ್ತಿದ್ದ ತಾಯಿಯೊಬ್ಬರು ನನ್ನ ನಾಲ್ಕನೆಯ ಪ್ರಶ್ನೆಗೆ, "ಅಣ್ಣಾ, ನಾನು ಕೇಳಿದ್ದು ಗ್ಲಾಸ್ ಒಂದೇ ಅಲ್ವಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮುಂದಿನ ಬಾರಿ ಅವರು ಎದುರು ಸಾಲಿನ ಅಂಗಡಿಗೆ ಹೋದದ್ದನ್ನು ನಾನು ನನ್ನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೇ ನೋಡಿದೆ.

ಅಂದಿನಿಂದ ನಿಧಾನವಾಗಿ ಬದಲಾಯಿಸಿಕೊಂಡ ಪದ್ಧತಿಯಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಚಾರ್ಜರ್ ಮತ್ತು ಕೇಬಲ್ಲಿನ ವ್ಯಾಪಾರ. ಗಿರಾಕಿಗೆ ತನಗೆ ನಿಜವಾಗಿ ಏನು ಬೇಕೆಂಬುದು ಗೊತ್ತಿಲ್ಲದೆ ಬರುವುದು ಇಲ್ಲಿಯೇ ಹೆಚ್ಚು. "ಚಾರ್ಜ್ ನಿಧಾನ ಆಗುತ್ತೆ, ಚಾರ್ಜರ್ ಕೊಡಿ" ಎನ್ನುತ್ತಾರೆ. ತೊಂದರೆ ಚಾರ್ಜರಿನಲ್ಲಿರಬಹುದು, ಕೇಬಲ್ಲಿನಲ್ಲಿರಬಹುದು, ಫೋನಿನ ಚಾರ್ಜಿಂಗ್ ಪೋರ್ಟಿನಲ್ಲಿ ಕುಳಿತ ಬಟ್ಟೆಯ ಜುಂಗಿನಲ್ಲಿಯೂ ಇರಬಹುದು. ಕೇಳಿದ ತಕ್ಷಣ ಚಾರ್ಜರ್ ತೆಗೆದುಕೊಟ್ಟರೆ ಅಂದಿನ ವ್ಯಾಪಾರವಾಗುತ್ತದೆ, ಆದರೆ ಮನೆಗೆ ಹೋದ ಮೇಲೂ ಚಾರ್ಜ್ ನಿಧಾನವಾಗಿಯೇ ಆದರೆ ಅವರು ಬೈಯುವುದು ನನ್ನ ಅಂಗಡಿಯನ್ನು.

ಆದ್ದರಿಂದ ನಾನು ಮೇಜಿನ ಮೇಲೆ ಒಂದು ಯುಎಸ್‌ಬಿ ಮೀಟರ್ ಇಟ್ಟಿದ್ದೇನೆ. ಕೆಲವು ನೂರು ರೂಪಾಯಿಗೆ ಸಿಗುವ, ಹೆಬ್ಬೆರಳಿನಷ್ಟೇ ಗಾತ್ರದ ಈ ಉಪಕರಣವನ್ನು ಚಾರ್ಜರಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸಿದರೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದು ಪುಟ್ಟ ಪರದೆಯಲ್ಲಿ ಕಾಣುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಅಡಿಕೆ ವ್ಯಾಪಾರ ಮುಗಿಸಿ ಊರಿಗೆ ಹೊರಟಿದ್ದ ಹಿರಿಯರೊಬ್ಬರು ಬಂದ ದಿನದ ಲೆಕ್ಕವನ್ನು ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಅವರ ಫೋನು 18 ವ್ಯಾಟ್‌ವರೆಗೆ ಚಾರ್ಜ್ ಆಗಬಲ್ಲದ್ದು, ಬ್ಯಾಟರಿ 22 ಪ್ರತಿಶತದಲ್ಲಿತ್ತು. ಅವರದೇ ಚಾರ್ಜರ್, ಅವರದೇ ಕೇಬಲ್ ಹಾಕಿದಾಗ ಮೀಟರ್ 5 ವೋಲ್ಟ್, 0.6 ಆಂಪಿಯರ್ ತೋರಿಸಿತು, ಅಂದರೆ ಕೇವಲ 3 ವ್ಯಾಟ್. ಚಾರ್ಜರನ್ನು ಹಾಗೆಯೇ ಬಿಟ್ಟು ಅಂಗಡಿಯ ಕೇಬಲ್ ಹಾಕಿದೆ. ಕ್ಷಣಕಾಲದಲ್ಲಿ 9 ವೋಲ್ಟಿಗೆ ಏರಿ 1.8 ಆಂಪಿಯರಿನಲ್ಲಿ ನಿಂತಿತು, 16 ವ್ಯಾಟ್‌ಗೂ ಸ್ವಲ್ಪ ಮೇಲೆ.

"ಯಜಮಾನರೇ, ನಿಮ್ಮ ಚಾರ್ಜರ್ ಚೆನ್ನಾಗೇ ಇದೆ. ಹೋಗಿರೋದು ಕೇಬಲ್ಲು" ಎಂದೆ. ಅವರು ಮೀಟರನ್ನೇ ನೋಡುತ್ತಿದ್ದರು; ನಾನು ವಿವರಿಸಬೇಕಾದದ್ದು ಹೆಚ್ಚಿರಲಿಲ್ಲ. ಕೇಬಲ್ಲಿನೊಳಗೆ ವಿದ್ಯುತ್ ಸಾಗಿಸುವ ತಂತಿಗಳಲ್ಲದೆ ಚಾರ್ಜರೂ ಫೋನೂ ಪರಸ್ಪರ ಸಂಕೇತ ಕಳಿಸಿಕೊಳ್ಳುವ ಸಣ್ಣ ತಂತಿಗಳೂ ಇರುತ್ತವೆ, ಪದೇ ಪದೇ ಮಡಿಸಿದ ಜಾಗದಲ್ಲಿ ಅವು ಕಡಿದರೆ ಚಾರ್ಜರ್ 5 ವೋಲ್ಟ್ ದಾಟುವುದೇ ಇಲ್ಲ ಎಂದಷ್ಟೇ ಹೇಳಿದೆ. ಸಾವಿರ ರೂಪಾಯಿ ಖರ್ಚು ಮಾಡಲು ಸಿದ್ಧರಾಗಿ ಬಂದವರಿಗೆ ನಾನು 150 ರೂಪಾಯಿಯ ಕೇಬಲ್ಲನ್ನೂ 300 ರೂಪಾಯಿಯ ಹೆಣೆದ ಹೊದಿಕೆಯ ಕೇಬಲ್ಲನ್ನೂ ಮುಂದಿಟ್ಟೆ. ಹಳೆಯ ಕೇಬಲ್ ಎಲ್ಲಿ ಮುರಿದಿದೆ ಎಂಬುದನ್ನು ಕೈಯಲ್ಲಿ ಹಿಡಿದು ತೋರಿಸಿ, 300ರದ್ದರಲ್ಲಿ ಅದೇ ಜಾಗಕ್ಕೆ ಉದ್ದವಾದ ರಬ್ಬರಿನ ಕತ್ತು ಇರುವುದನ್ನು ತೋರಿಸಿದೆ. ಅವರು ದುಬಾರಿಯದನ್ನೇ ತೆಗೆದುಕೊಂಡರು. ಹೊರಡುವ ಮುನ್ನ ತೋಟದ ಮನೆಗೆಂದು ಇನ್ನೊಂದನ್ನೂ ತಾವಾಗಿಯೇ ಕೇಳಿದರು. ಹೆಚ್ಚು ಬೆಲೆಯದನ್ನು ಮಾರುವುದೆಂದರೆ ನನ್ನ ಮಟ್ಟಿಗೆ ಇಷ್ಟೇ: ಎರಡು ವಸ್ತುಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಇರಬೇಕು, ಆ ವ್ಯತ್ಯಾಸ ಆ ಗಿರಾಕಿಯ ತೊಂದರೆಗೆ ಸಂಬಂಧಿಸಿರಬೇಕು. ಮೂರನೆಯ ವಸ್ತುವನ್ನು ನಾನು ಮೇಜಿನ ಮೇಲೆ ಇಡುವುದಿಲ್ಲ, ಏಕೆಂದರೆ ಮೂರು ಇಟ್ಟಾಗ ಬಸ್ಸಿಗೆ ಹೊರಟವರು "ಆಮೇಲೆ ಬರ್ತೀನಿ" ಎಂದು ಹೋಗುವುದನ್ನು ಬಹಳ ಸಲ ಕಂಡಿದ್ದೇನೆ.

ಆದರೆ ಈ ಮೀಟರೇ ನನ್ನಿಂದ ಒಂದು ತಪ್ಪನ್ನೂ ಮಾಡಿಸಿದೆ. ಕಾಲೇಜು ಹುಡುಗನೊಬ್ಬನ ಫೋನಿಗೆ ಹಚ್ಚಿದಾಗ 5 ವ್ಯಾಟ್‌ಗಿಂತ ಮೇಲೇರಲಿಲ್ಲ. ಕೇಬಲ್ ಬದಲಿಸಿದರೂ ಅಷ್ಟೇ ಇದ್ದುದರಿಂದ ಚಾರ್ಜರ್ ಸೋತಿದೆಯೆಂದು ನಿರ್ಧರಿಸಿ 900 ರೂಪಾಯಿಯ ಹೊಸದನ್ನು ಮಾರಿದೆ. ಮೂರು ದಿನ ಬಿಟ್ಟು ಅವನು ವಾಪಸ್ ಬಂದ, "ಅಣ್ಣಾ, ಎರಡೂ ಒಂದೇ ಥರ ಇದೆ" ಎಂದ. ಅಂದು ಅವನ ಬ್ಯಾಟರಿ 91 ಪ್ರತಿಶತದಲ್ಲಿದ್ದುದನ್ನು ನಾನು ಗಮನಿಸಿರಲಿಲ್ಲ. ಬ್ಯಾಟರಿ ತುಂಬುತ್ತಾ ಬಂದಂತೆ, ಸುಮಾರು 80 ಪ್ರತಿಶತ ದಾಟಿದ ಮೇಲಂತೂ, ಫೋನು ತಾನಾಗಿಯೇ ಕಡಿಮೆ ವಿದ್ಯುತ್ ಎಳೆಯುತ್ತದೆ. ಬಿಸಿಲಲ್ಲಿ ಬಿಸಿಯಾಗಿದ್ದರೂ ಹಾಗೆಯೇ ಮಾಡುತ್ತದೆ. ಹಣವನ್ನು ಪೂರ್ತಿಯಾಗಿ ಹಿಂತಿರುಗಿಸಿದೆ. ಈಗ ಬ್ಯಾಟರಿ ಅರ್ಧಕ್ಕಿಂತ ಕೆಳಗಿದ್ದರೆ ಮಾತ್ರ, ಪರದೆ ಆರಿಸಿ, ಒಂದು ನಿಮಿಷ ಕಾದು ಓದುತ್ತೇನೆ. ಇಲ್ಲವಾದರೆ, "ಈಗ ನೋಡಿದರೆ ಸರಿಯಾಗಿ ತಿಳಿಯೋದಿಲ್ಲ, ಬ್ಯಾಟರಿ ಇಳಿದಾಗ ಬನ್ನಿ" ಎಂದು ಕಳಿಸುತ್ತೇನೆ. ಇನ್ನೊಂದು ಮಿತಿಯೂ ಇದೆ. ಕೆಲವು ಕಂಪನಿಗಳ 67 ಅಥವಾ 80 ವ್ಯಾಟ್ ಚಾರ್ಜಿಂಗ್ ಅವುಗಳದೇ ಚಾರ್ಜರ್ ಮತ್ತು ಕೇಬಲ್ ಇದ್ದರೆ ಮಾತ್ರ ಪೂರ್ತಿ ವೇಗದಲ್ಲಿ ನಡೆಯುತ್ತದೆ, ನಡುವೆ ಮೀಟರ್ ಬಂದರೆ ವೇಗ ಇಳಿದುಬಿಡಬಹುದು. ಅಂಥ ಫೋನಿಗೆ ಮೀಟರನ್ನು ನಂಬದೆ, ನೇರವಾಗಿ ಹಚ್ಚಿ ಫೋನಿನ ಪರದೆಯಲ್ಲಿ ವೇಗದ ಚಾರ್ಜಿಂಗಿನ ಗುರುತು ಬರುತ್ತದೆಯೇ ಎಂದು ನೋಡುತ್ತೇನೆ.

ಪೋರ್ಟಿನಲ್ಲಿ ಕಸ ಕಟ್ಟಿದ್ದರೆ ಪಿನ್ನು ಪೂರ್ತಿ ಒಳಗೆ ಕೂರದೆ ಕೂದಲೆಳೆಯಷ್ಟು ಅಂತರ ಉಳಿಯುತ್ತದೆ, ಸ್ವಲ್ಪ ಅಲುಗಿದರೂ ಚಾರ್ಜ್ ನಿಲ್ಲುತ್ತದೆ. ಫೋನನ್ನು ಆಫ್ ಮಾಡಿ ಮರದ ಟೂತ್‌ಪಿಕ್ಕಿನಿಂದ ಜುಂಗನ್ನು ತೆಗೆಯುತ್ತೇನೆ. ಸೂಜಿ, ಪಿನ್ನು ಬಳಸುವುದಿಲ್ಲ. ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ, ಆ ಹೊತ್ತಿನಲ್ಲಿ ಬೇರೆ ಏನನ್ನೂ ಮಾರಲು ಯತ್ನಿಸುವುದೂ ಇಲ್ಲ.

ಗ್ಲಾಸಿನ ವ್ಯಾಪಾರದಲ್ಲಿ ಜೊತೆಯ ವಸ್ತುವಿನ ಮಾತು ಸಹಜವಾಗಿ ಬರುವ ಒಂದೇ ಒಂದು ಜಾಗವಿದೆ, ಅದು ಕವರ್. ಅಂಚು ಎತ್ತರವಾಗಿರುವ ಬಿಗಿ ಕವರು ಗ್ಲಾಸಿನ ಬದಿಯನ್ನು ಒತ್ತಿ ಮೇಲಕ್ಕೆಬ್ಬಿಸುತ್ತದೆ. ಹಾಕಿದ ದಿನ ಗೊತ್ತಾಗುವುದಿಲ್ಲ, ಎರಡು ದಿನದಲ್ಲಿ ಮೂಲೆಯಲ್ಲಿ ಗಾಳಿಗುಳ್ಳೆ ಎದ್ದು ಗಿರಾಕಿ "ಗ್ಲಾಸ್ ಸರಿಯಿಲ್ಲ" ಎಂದು ಬರುತ್ತಾರೆ. ಹಾಗಾಗಿ ಗ್ಲಾಸ್ ಅಂಟಿಸುವ ಮೊದಲೇ ಅವರ ಕವರನ್ನು ಕೇಳಿ ಪಡೆದು, ಅಂಟಿನ ಹಾಳೆ ತೆಗೆಯದ ಗ್ಲಾಸನ್ನು ಫೋನಿನ ಮೇಲಿಟ್ಟು, ಕವರ್ ತೊಡಿಸಿ ನೋಡುತ್ತೇನೆ. ತಗಲದಿದ್ದರೆ "ನಿಮ್ಮ ಕವರ್ ಸಾಕು" ಎನ್ನುತ್ತೇನೆ. ತಗಲಿದರೆ ಅವರ ಕಣ್ಣೆದುರೇ ಗ್ಲಾಸ್ ಜರುಗುತ್ತದೆ. ಆಗ, ಅಂಚಿನಿಂದ ಸ್ವಲ್ಪ ಒಳಗೇ ನಿಲ್ಲುವ ಅಳತೆಯ ಗ್ಲಾಸೋ ಬೇರೆ ಕವರೋ ಎಂಬ ಆಯ್ಕೆ ಅವರದು. ಇದರಲ್ಲಿ ಮೊದಲನೆಯದಕ್ಕೆ ಹೆಚ್ಚಿನ ಖರ್ಚಿಲ್ಲ ಎಂಬುದನ್ನು ಹೇಳಿಯೇ ಹೇಳುತ್ತೇನೆ.

ದುಬಾರಿ ಗ್ಲಾಸನ್ನು ಮಾರಲು ಪೊಟ್ಟಣದ ಮೇಲಿನ ಬರಹವನ್ನು ನಾನು ಬಳಸುವುದಿಲ್ಲ. 9ಎಚ್ ಎಂಬುದು ಪೆನ್ಸಿಲಿನಿಂದ ಗೀಚಿ ನೋಡುವ ಗಡಸುತನದ ಪರೀಕ್ಷೆಯ ಗುರುತು. ಅತಿ ಅಗ್ಗದ ಗ್ಲಾಸಿನ ಮೇಲೂ ಅದನ್ನು ಅಚ್ಚು ಹಾಕಿರುತ್ತಾರೆ. 11ಡಿ, 21ಡಿ ಎಂಬವು ಮಾರಾಟಕ್ಕೆ ಇಟ್ಟ ಹೆಸರುಗಳೇ ಹೊರತು ಅಳತೆಗಳಲ್ಲ. ಅದರ ಬದಲು ಎರಡು ಮಾದರಿ ತುಂಡುಗಳ ಮೇಲೆ ಒಂದೊಂದು ಹನಿ ನೀರು ಹಾಕಿ ತೋರಿಸುತ್ತೇನೆ. ಜಿಡ್ಡು ಹಿಡಿಯದ ಲೇಪನವಿರುವ ಗ್ಲಾಸಿನ ಮೇಲೆ ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳುತ್ತದೆ, ಇನ್ನೊಂದರ ಮೇಲೆ ಹರಡುತ್ತದೆ. ಆ ಲೇಪನ ತಿಂಗಳುಗಳು ಕಳೆದಂತೆ ಸವೆಯುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತೇನೆ. ಪರದೆಯೊಳಗೆ ಬೆರಳಚ್ಚು ಓದುವ ಫೋನಾದರೆ ಗ್ಲಾಸ್ ಹಾಕಿದ ಬಳಿಕ ಬೆರಳನ್ನು ಹೊಸದಾಗಿ ನೋಂದಾಯಿಸಿ, ನಾಲ್ಕೈದು ಸಲ ತೆರೆಯಿಸಿ ನೋಡಿಯೇ ಹಣ ಪಡೆಯುತ್ತೇನೆ.

ಯಾವಾಗ ಹೇಳಬೇಕು ಎಂಬುದು ಏನು ಹೇಳಬೇಕು ಎಂಬುದರಷ್ಟೇ ಮುಖ್ಯವೆಂದು ನಾನು ತಡವಾಗಿ ಅರಿತೆ. ಕೇಳಿ ಬಂದ ವಸ್ತು ಆಯ್ಕೆಯಾಗಿ ಅವರ ಮನಸ್ಸು ಹಗುರವಾದ ಮೇಲೆ, ಹಣ ಕೊಡಲು ಫೋನ್ ಎತ್ತುವುದಕ್ಕೆ ಮುಂಚೆ, ನಡುವೆ ಸಣ್ಣದೊಂದು ಬಿಡುವಿರುತ್ತದೆ. ನನ್ನ ಒಂದು ಸಲಹೆ ಅಲ್ಲಿಗೆ. ಸ್ಕ್ಯಾನರಿನ ಕಡೆಗೆ ಫೋನ್ ಹಿಡಿದ ಮೇಲೆ ಹೇಳಿದ್ದು ಅವರಿಗೆ ಮೊತ್ತ ಏರಿಸುವ ಪ್ರಯತ್ನವಾಗಿಯೇ ಕೇಳಿಸುತ್ತದೆ. ನನ್ನ ವಾಕ್ಯ ಮುಗಿಯುವ ಮೊದಲೇ "ಬೇಡ" ಬಂದರೆ, ಕಣ್ಣು ಬಸ್ಸಿನ ಬೋರ್ಡಿನ ಕಡೆ ಹೋದರೆ, ಅಥವಾ ಕೈಯಲ್ಲಿ ಹಿಡಿದ ನೋಟು ಹಾಗೆಯೇ ಇದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯವರಿಗೆ ಪವರ್ ಬ್ಯಾಂಕಿನ ಮಾತು ತೆಗೆಯುವುದುಂಟು, ಅಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುತ್ತದೆ. ಆದರೆ 10,000 ಎಂಎಎಚ್ ಎಂದು ಬರೆದ ಪವರ್ ಬ್ಯಾಂಕು 5,000 ಎಂಎಎಚ್‌ನ ಫೋನ್ ಬ್ಯಾಟರಿಯನ್ನು ಎರಡು ಸಲ ತುಂಬಿಸುವುದಿಲ್ಲ, ಸುಮಾರು ಒಂದೂವರೆ ಸಲ ಎಂದು ತಿಳಿಸಿಯೇ ಕೊಡುತ್ತೇನೆ.

ಅಂಗಡಿಯ ಹುಡುಗನ ವಿಷಯದಲ್ಲಿ ನಾನೇ ಕೆಡಿಸಿ ನಾನೇ ಸರಿಪಡಿಸಬೇಕಾಯಿತು. ಲಾಭ ಹೆಚ್ಚಿರುವ ಇಯರ್‌ಬಡ್‌ಗೆ ಒಂದಕ್ಕೆ ಇಷ್ಟು ಎಂದು ಕಮಿಷನ್ ಇಟ್ಟಿದ್ದೆ. ಕಿವಿ ಸರಿಯಾಗಿ ಕೇಳಿಸದ ಅಜ್ಜನಿಗೂ ಅವನು ಅದನ್ನೇ ತೋರಿಸತೊಡಗಿದ. ಬೈದು ಪ್ರಯೋಜನವಿರಲಿಲ್ಲ, ಲೆಕ್ಕ ಹಾಕಿಕೊಟ್ಟವನು ನಾನು. ಈಗ ಕಮಿಷನ್ ಇಡೀ ದಿನದ ವ್ಯಾಪಾರದ ಮೇಲೆ ಇದೆ, ಏಳು ದಿನದೊಳಗೆ ವಾಪಸ್ ಬಂದ ವಸ್ತು ಅದರಲ್ಲಿ ಕಳೆಯುತ್ತದೆ. ಪುಸ್ತಕದಲ್ಲಿ ವಾಪಸ್ ಬಂದವುಗಳಿಗೆ ಬೇರೆ ಪುಟ ಇಟ್ಟಿದ್ದೇವೆ, ಪ್ರತಿಯೊಂದರ ಎದುರು ಕಾರಣವನ್ನು ಅವನ ಕೈಯಲ್ಲೇ ಬರೆಸುತ್ತೇನೆ. ಮೊನ್ನೆ ಚಾರ್ಜರ್ ಕೇಳಿ ಬಂದವರ ಫೋನನ್ನು ಅವನು ನನ್ನನ್ನು ಕೇಳದೆಯೇ ಬೆಳಕಿಗೆ ಹಿಡಿದು ಪೋರ್ಟಿನೊಳಗೆ ನೋಡಿದ, ಆಮೇಲೆ ಟೂತ್‌ಪಿಕ್ಕಿನ ಡಬ್ಬಿಗೆ ಕೈ ಹಾಕಿದ.