ಚಾರ್ಟ್ ಚೆನ್ನಾಗಿತ್ತು, ಕೊಳ್ಳೋರು ಇರಲಿಲ್ಲ

ನಾನು ಕಲಬುರಗಿಯಲ್ಲಿ ಕೂತು ಸ್ವಿಂಗ್ ಟ್ರೇಡ್ ಮಾಡುವವನು. ಕೊಂಡ ಷೇರನ್ನು ಹತ್ತು-ಹದಿನೈದು ದಿನ ಇಟ್ಟು ಮಾರುತ್ತೇನೆ. ಒಮ್ಮೆ ಒಂದು ಸಣ್ಣ ಕಂಪನಿಯ ಷೇರಿನ ದಿನದ ಚಾರ್ಟ್ ಕಣ್ಣಿಗೆ ಬಿತ್ತು. ಎರಡು ತಿಂಗಳು 130ರಿಂದ 140ರ ನಡುವೆ ಓಡಾಡಿ, ಆವತ್ತು 142ಕ್ಕೆ ಮೇಲೆ ಬಂದಿತ್ತು. ನನ್ನ ಲೆಕ್ಕ ಸರಳ: 142ಕ್ಕೆ ಕೊಳ್ಳುವುದು, 136ಕ್ಕೆ ಇಳಿದರೆ ನಷ್ಟದಲ್ಲೇ ಮಾರಿಬಿಡುವ ಸ್ಟಾಪ್‌ಲಾಸ್, 160ಕ್ಕೆ ಮಾರುವುದು. 6 ರೂಪಾಯಿ ಅಪಾಯಕ್ಕೆ 18 ರೂಪಾಯಿ ಲಾಭ. 1000 ಷೇರಿಗೆ ಮಾರ್ಕೆಟ್ ಆರ್ಡರ್, ಅಂದರೆ ಸಿಕ್ಕ ಬೆಲೆಗೆ ಕೊಳ್ಳುವ ಆರ್ಡರ್, ಹಾಕಿಬಿಟ್ಟೆ.

ಡೆಪ್ತ್, ಅಂದರೆ ಯಾವ ಬೆಲೆಗೆ ಎಷ್ಟು ಷೇರು ಕೊಳ್ಳುವವರು, ಮಾರುವವರು ಇದ್ದಾರೆ ಎಂಬ ಪಟ್ಟಿ, ತೆರೆದು ನೋಡಿರಲಿಲ್ಲ. ಕೊಳ್ಳುವವರ ಮೇಲಿನ ಬೆಲೆ 141 ಇತ್ತು, ಮಾರುವವರ ಕೆಳಗಿನ ಬೆಲೆ 143.50. ಅದೂ 150 ಷೇರು ಮಾತ್ರ. ಮುಂದೆ 144ಕ್ಕೆ 200, 145ಕ್ಕೆ 250, 146.50ಕ್ಕೆ 100. ಕೊನೆಯ 300 ಷೇರು ಸಿಕ್ಕಿದ್ದು 147ಕ್ಕೆ. ಸರಾಸರಿ 145.32 ಆಯಿತು. ಕೊಂಡ ಕ್ಷಣದಲ್ಲೇ ಷೇರಿಗೆ 3 ರೂಪಾಯಿ 32 ಪೈಸೆ ಜಾಸ್ತಿ ಕೊಟ್ಟಿದ್ದೆ. ಇದೇ ಸ್ಲಿಪೇಜ್.

ಐದು ನಿಮಿಷದ ಚಾರ್ಟ್‌ನಲ್ಲಿ ಆಗ ಒಂದು ದಪ್ಪ ಹಸಿರು ಕ್ಯಾಂಡಲ್ ಎದ್ದು ನಿಂತಿತು. ನೋಡಿ ಖುಷಿಪಟ್ಟೆ. ಆಮೇಲೆ ಆರ್ಡರ್ ಬುಕ್ ನೋಡಿದಾಗ ಗೊತ್ತಾಯಿತು, ಆ ಕ್ಯಾಂಡಲ್ ಎಬ್ಬಿಸಿದ್ದು ನನ್ನ ಆರ್ಡರೇ. ಚಾರ್ಟ್ ತೋರಿಸುವುದು ಆಗಿಹೋದ ವ್ಯವಹಾರದ ಬೆಲೆ. ಮುಂದಿನ ಸಾವಿರ ಷೇರು ಯಾವ ಬೆಲೆಗೆ ಸಿಗುತ್ತದೆ ಅಂತ ಅದು ಹೇಳುವುದಿಲ್ಲ.

ನಾಲ್ಕು ದಿನ ಬಿಟ್ಟು ಬೆಲೆ ಇಳಿದು 136 ಮುಟ್ಟಿತು. ನನ್ನ ಸ್ಟಾಪ್‌ಲಾಸ್ ಕೂಡ ಮಾರ್ಕೆಟ್ ಆರ್ಡರ್ ಆಗಿತ್ತು. 135.50ಕ್ಕೆ 200, 134ಕ್ಕೆ 150, 133ಕ್ಕೆ 250, ಉಳಿದ 400 ಷೇರು 132ಕ್ಕೆ ಹೋದವು. ಸರಾಸರಿ 133.25. ಹೋದರೆ 6,000 ಹೋಗಲಿ ಅಂತ ಕೂತಿದ್ದೆ, ಹೋಗಿದ್ದು 12,000ಕ್ಕೂ ಮೇಲೆ. ಬ್ರೋಕರೇಜ್, ತೆರಿಗೆ ಬೇರೆ.

ನಮ್ಮ ಕಾಕಾ ಗಂಜ್‌ನಲ್ಲಿ ತೊಗರಿ ಅಡತಿ ಮಾಡುತ್ತಾರೆ. ಸಂಜೆ ಅಂಗಡಿಯಲ್ಲಿ ಚೀಲದ ಮೇಲೆ ಕೂತು ಈ ಕಥೆ ಹೇಳಿದೆ. ಅವರು ಷೇರು ಮುಟ್ಟಿದವರಲ್ಲ. ಆದರೂ ತಕ್ಷಣ ಕೇಳಿದರು, "ಎರಡು ಚೀಲ ಮಾರಿದ ರೇಟಿಗೆ ಇನ್ನೂರು ಚೀಲ ಯಾರ್ ತೊಗೋತಾರೋ ತಮ್ಮಾ? ಖರೀದಿದಾರ್ರು ಎಷ್ಟು ಮಂದಿ ಅದಾರ ಅಂತ ಮೊದ್ಲ ನೋಡಬೇಕಲ್ಲ?" ಅವತ್ತು ರಾತ್ರಿ ಆ ಷೇರಿನ ಒಂದು ನಿಮಿಷದ ಚಾರ್ಟ್ ತೆಗೆದೆ. ದಿನದ ಚಾರ್ಟ್‌ನಲ್ಲಿ ಅಷ್ಟು ಅಚ್ಚುಕಟ್ಟಾಗಿ ಕಂಡಿದ್ದು ಇಲ್ಲಿ ಬಿಡಿ ಬಿಡಿ ಗೀಟುಗಳು. ನಡುವೆ ಹತ್ತು-ಹದಿನೈದು ನಿಮಿಷ ಒಂದೂ ವ್ಯವಹಾರ ಇಲ್ಲ. ಇದನ್ನು ಮೊದಲೇ ನೋಡಿದ್ದರೆ ಆ ಕಡೆ ಹೋಗುತ್ತಲೇ ಇರಲಿಲ್ಲ.

ಈಗ ನನ್ನ ಮೊದಲ ಪ್ರಶ್ನೆ ಸ್ಪ್ರೆಡ್ ಬಗ್ಗೆ, ಅಂದರೆ ಕೊಳ್ಳುವವರ ಮೇಲಿನ ಬೆಲೆಗೂ ಮಾರುವವರ ಕೆಳಗಿನ ಬೆಲೆಗೂ ಇರುವ ಅಂತರ. ಬೆಳಿಗ್ಗೆ ಹತ್ತರ ಸುಮಾರಿಗೆ, ಮಧ್ಯಾಹ್ನ, ಮತ್ತೆ ಮೂರು ಗಂಟೆಗೆ, ಹೀಗೆ ಎರಡು-ಮೂರು ದಿನ ಡೆಪ್ತ್ ನೋಡಿ ಡೈರಿಯಲ್ಲಿ ಬರೆದಿಡುತ್ತೇನೆ. ಒಂದೇ ಸಲ ನೋಡಿದರೆ ಮೋಸ ಹೋಗಬಹುದು, ಮಧ್ಯಾಹ್ನ ಕೊಳ್ಳುವವರ ಸಾಲು ಬರಿದಾಗುವುದು ಜಾಸ್ತಿ. ಆಮೇಲೆ ಸ್ಪ್ರೆಡ್ಡನ್ನು ಸ್ಟಾಪ್‌ಲಾಸ್ ದೂರದ ಜೊತೆ ಹೋಲಿಸುತ್ತೇನೆ. ಆ ಷೇರಿನಲ್ಲಿ ಸ್ಪ್ರೆಡ್ 2.50, ಸ್ಟಾಪ್ ದೂರ 6. ನನ್ನ ಅಪಾಯದಲ್ಲಿ ಶೇಕಡಾ ನಲವತ್ತಕ್ಕೂ ಜಾಸ್ತಿ ಸ್ಪ್ರೆಡ್ಡೇ ತಿನ್ನುತ್ತಿತ್ತು. ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ಈಗ ಬಿಟ್ಟುಬಿಡುತ್ತೇನೆ. ಚಾರ್ಟ್ ಎಷ್ಟೇ ಚೆಂದ ಇರಲಿ.

ಎರಡನೆಯದು ನನ್ನ ಆರ್ಡರ್‌ನ ಗಾತ್ರ. ಅಲ್ಲಿ ದಿನಕ್ಕೆ ಸುಮಾರು 20,000 ಷೇರು ಕೈ ಬದಲಾಗುತ್ತಿತ್ತು. ನಾನೊಬ್ಬನೇ ಅದರಲ್ಲಿ ಶೇಕಡಾ 5ರಷ್ಟು ಕೊಂಡಿದ್ದೆ, ಅದೂ ಒಂದೇ ಏಟಿಗೆ. ಈಗ ಶೇಕಡಾ 1 ದಾಟುವುದಿಲ್ಲ, ಅಂದರೆ 200 ಷೇರು. ಸರಾಸರಿ ನೋಡುವಾಗ ಹುಷಾರು. ಯಾರೋ ಒಂದು ದಿನ ಎರಡು ಲಕ್ಷ ಷೇರು ಮಾರಿದ್ದರೆ ಇಡೀ ತಿಂಗಳ ಸರಾಸರಿ ಉಬ್ಬಿ ಕಾಣುತ್ತದೆ. ಅದಕ್ಕೆ 30 ದಿನದ ವಾಲ್ಯೂಮ್ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನ ಸಂಖ್ಯೆ ತೆಗೆದುಕೊಳ್ಳುತ್ತೇನೆ.

ಕೊಳ್ಳುವಾಗ ನಾನು ಹೇಳಿದ ಬೆಲೆಗಿಂತ ಜಾಸ್ತಿ ಕೊಡದ ಲಿಮಿಟ್ ಆರ್ಡರ್ ಮಾತ್ರ. ಸಿಗದಿದ್ದರೆ ಬಿಟ್ಟೆ ಅಷ್ಟೇ, ಬೆಲೆಯ ಹಿಂದೆ ಓಡುವುದಿಲ್ಲ. ಆದರೆ ಹೊರಗೆ ಬರುವಾಗ ಲಿಮಿಟ್ ಕೈ ಕೊಡಬಹುದು. ಬೆಲೆ ನನ್ನ ಲಿಮಿಟ್ ದಾಟಿ ಕೆಳಗೆ ಹಾರಿದರೆ ಷೇರು ನನ್ನಲ್ಲೇ ಉಳಿಯುತ್ತದೆ. ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಬೆಲೆ ಇಳಿಯಬಹುದಾದ ಕೊನೆಯ ಮಿತಿ, ಬಿದ್ದ ದಿನ ಕೊಳ್ಳುವವರ ಸಾಲೇ ಖಾಲಿ, ಆಗ ಯಾವ ಸ್ಟಾಪ್‌ಲಾಸೂ ಕೆಲಸಕ್ಕೆ ಬರುವುದಿಲ್ಲ. ಸರ್ಕ್ಯೂಟ್ ಮಿತಿ ಶೇಕಡಾ 5 ಇರುವ ಷೇರಿನಲ್ಲಿ ಮೂರು ದಿನ ಸತತ ಲೋವರ್ ಸರ್ಕ್ಯೂಟ್ ಬಿದ್ದರೆ 100 ರೂಪಾಯಿ ಷೇರು 86ರ ಹತ್ತಿರ ಬರುತ್ತದೆ. ಹಾಗಾಗಿ ಇಂಥ ಷೇರಿಗೆ ಹಾಕುವ ಹಣ ಎಷ್ಟು ಅಂತ ನಿರ್ಧರಿಸುವಾಗ ಸ್ಟಾಪ್‌ಲಾಸ್ ಬೆಲೆ ನೋಡುವುದಿಲ್ಲ. ಮೂರು ಸರ್ಕ್ಯೂಟ್ ಬಿದ್ದರೂ ತಡೆಯಬಹುದಾದಷ್ಟೇ ಹಾಕುತ್ತೇನೆ.

ಅದೇ ಷೇರು ಆಮೇಲೆ ಮತ್ತೊಮ್ಮೆ ಮೇಲೆ ಬಂತು. 143ಕ್ಕೆ 200 ಷೇರಿಗೆ ಲಿಮಿಟ್ ಇಡಲು ಹೊರಟಿದ್ದೆ. ಡೈರಿ ತೆಗೆದು ನೋಡಿದೆ, ಮೂರು ದಿನವೂ ಸ್ಪ್ರೆಡ್ ಎರಡು ರೂಪಾಯಿಗಿಂತ ಕೆಳಗೆ ಬಂದಿರಲಿಲ್ಲ. ಆರ್ಡರ್ ಹಾಕಲಿಲ್ಲ.