ಅಶೋಕವನದಲ್ಲಿ ಮೂರು ದನಿ, ಒಂದೇ ಗಂಟಲು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೊಗಲು ಗೊಂಬೆಯಾಟ ಹಿಡಿದರೆ ನಾನು ಹೆಚ್ಚಾಗಿ ಆಡಿಸುವುದು ಸುಂದರಕಾಂಡದ ಅಶೋಕವನದ ಭಾಗವನ್ನು. ಕೊಯ್ಲು ಮುಗಿದು, ಅಡಿಕೆ ಸುಲಿಯುವ ಕೆಲಸ ಹಗುರಾದ ಮೇಲೆ ಆಟ ಶುರು. ಮಳೆ ಹಿಡಿಯಿತೆಂದರೆ ಗೊಂಬೆಗಳು ಅಟ್ಟ ಸೇರುತ್ತವೆ. ಇಲ್ಲಿನವು ತಾಳಮದ್ದಳೆ ಕೇಳಿ ಪಳಗಿದ ಕಿವಿಗಳು. ಅಲ್ಲಿ ರಾವಣನಿಗೊಬ್ಬ ಅರ್ಥಧಾರಿ, ಸೀತೆಗೊಬ್ಬ. ನಮ್ಮ ತೊಗಲು ಗೊಂಬೆಯಾಟದಲ್ಲಿ ಇಬ್ಬರೂ ನಾನೇ, ಮರದ ಮೇಲೆ ಅಡಗಿ ಕೂತ ಹನುಮನೂ ನಾನೇ. ಹಾಗಾಗಿ ಬಯಲುಸೀಮೆಯಲ್ಲಿ ಬೇಗ ಮುಗಿಸುವ ಮಾತನ್ನು ಇಲ್ಲಿ ಎಳೆದು ಆಡಬೇಕು. ವಾದಕ್ಕೆ ವಾದ ಕೂರದಿದ್ದರೆ ಹಿರಿಯರು ಎದ್ದು ಹೋಗುತ್ತಾರೆ.

ಮೊದಲು ಗೊಂಬೆಗಳ ವಿಷಯ. ಹಿಂದೆ ಜಿಂಕೆ ತೊಗಲಿನ ಗೊಂಬೆಗಳೂ ಇದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದರ ಮಾತೇ ಇಲ್ಲ, ಆಡಿನ ತೊಗಲೇ ಗತಿ. ಕೂದಲು ತೆಗೆದು, ಒಳಮೈಯ ಕೊಬ್ಬು ಹೆರೆದು, ಹಲಗೆಗೆ ಮೊಳೆ ಹೊಡೆದು ಎಳೆದು ನೆರಳಲ್ಲಿ ಒಣಗಿಸುತ್ತೇವೆ. ದೀಪಕ್ಕೆ ಹಿಡಿದರೆ ಆಚೆ ಕಡೆ ಬೆರಳಾಡಿಸಿದ್ದು ಕಾಣಬೇಕು, ಅಲ್ಲಿಯವರೆಗೆ ಹೆರೆಯಬೇಕು. ಎರಡೂ ಮೈಗೆ ಬಣ್ಣ ಹಚ್ಚುತ್ತೇವೆ. ಒಡವೆ, ಸೀರೆಯಂಚು, ಕಿರೀಟ ಇದ್ದಲ್ಲಿ ಮಾತ್ರ ಸಣ್ಣ ಉಳಿಯಿಂದ ತೂತು ಹೊಡೆಯುತ್ತೇವೆ. ಬೆಳಕು ಬಣ್ಣದಿಂದ ಕೆಂಪಾಗಿ ಬರುತ್ತದೆ, ತೂತಿನಿಂದ ಬೆಳ್ಳಗೆ ಬರುತ್ತದೆ. ರಾವಣನ ಮೈ ತುಂಬಾ ತೂತು, ಸೀತೆಗೆ ತೀರಾ ಕಡಿಮೆ. ಕಾಡಿಗೆ ಬಂದಾಗಿನಿಂದ ಬಿಚ್ಚಿದ ಒಡವೆಯೇ ಹೆಚ್ಚಲ್ಲವೇ ಅವಳದು!

ನನ್ನ ರಾವಣ ಮೂರಡಿಗೂ ಎತ್ತರ. ಅವನ ಮುಂದೆ ರಾಕ್ಷಸಿಯರು ಮೊಣಕಾಲುದ್ದ. ದೊಡ್ಡವರು ದೊಡ್ಡ ಗೊಂಬೆ, ಆಳುಕಾಳು ಸಣ್ಣ ಗೊಂಬೆ, ಅದು ಹಿರಿಯರು ಹಾಕಿಕೊಟ್ಟ ಅಳತೆ. ಸೀತೆ ಮಾತ್ರ ಮರದ ಬುಡದಲ್ಲಿ ಕೂತಂತೆ ಒಂದೇ ತೊಗಲಿನ ತುಂಡು: ಮರ, ಎಲೆ, ಅವಳು ಎಲ್ಲ ಸೇರಿ. ಅವಳಿಗೆ ಆಡುವುದು ಒಂದೇ ಕೈ. ಈ ಗೊಂಬೆಯನ್ನು ಮುಳ್ಳಿನಿಂದ ಪರದೆಗೇ ಚುಚ್ಚಿಬಿಡುತ್ತೇನೆ. ಆಗ ನನ್ನ ಎಡಗೈ ಅವಳ ಕೈಯ ಕಡ್ಡಿಗೆ, ಬಲಗೈ ರಾವಣನಿಗೆ. ಪರದೆಯ ತಲೆಭಾಗವನ್ನು ಜನರ ಕಡೆ ಸ್ವಲ್ಪ ವಾಲಿಸಿ ಕಟ್ಟುವುದರಿಂದ ಗೊಂಬೆ ತನ್ನ ಭಾರಕ್ಕೆ ತಾನೇ ಬಟ್ಟೆಗೆ ಒರಗುತ್ತದೆ, ಬಣ್ಣ ಸ್ಪಷ್ಟವಾಗಿ ಕಾಣುತ್ತದೆ.

ಯಾರು ಮಾತಾಡುತ್ತಿದ್ದಾರೆ ಅಂತ ನೋಡುವವರಿಗೆ ಗೊತ್ತಾಗುವುದು ಮೊದಲು ಕಣ್ಣಿನಿಂದ, ಆಮೇಲೆ ಕಿವಿಯಿಂದ. ಮಾತಾಡುವ ಗೊಂಬೆ ಅಲುಗಬೇಕು, ಕೇಳುವ ಗೊಂಬೆ ಕಲ್ಲಾಗಬೇಕು. ಹೊಸಬರು ಎರಡನ್ನೂ ಅಲುಗಿಸುತ್ತಾರೆ. ಆಗ ಎಷ್ಟು ದನಿ ಬದಲಿಸಿದರೂ ಒಬ್ಬನೇ ಒದರಿದಂತೆ ಕೇಳುತ್ತದೆ.

ರಾವಣನ ಮಾತು ಹೊಟ್ಟೆಯಿಂದ ಬರುತ್ತದೆ. "ಎಲೌ ಜಾನಕೀ, ಮೂರು ಲೋಕ ನನ್ನ ಬಾಗಿಲಲ್ಲಿ ಕೈಕಟ್ಟಿ ನಿಂತಿದೆ. ನೀನೊಬ್ಬಳು ತಲೆಯೆತ್ತಿ ನೋಡಲಾರೆಯಾ?" ಎನ್ನುವಾಗ ಕಾಲ ಕೆಳಗಿನ ಮರದ ಹಲಗೆಯನ್ನು ಎರಡು ಸಲ ಮೆಟ್ಟುತ್ತೇನೆ. ಹಲಗೆಯ ಸದ್ದು ಅರ್ಧ ಗರ್ಜನೆ ಮಾಡಿಕೊಡುತ್ತದೆ, ಗಂಟಲು ಉಳಿಯುತ್ತದೆ.

ಸೀತೆಗೆ ಕೀರಲು ದನಿ ಮಾಡಬಾರದು. ಗಂಡಸು ಹೆಣ್ಣುದನಿ ಎಳೆದರೆ ಜನ ನಗುತ್ತಾರೆ, ಆ ನಗು ಹಾಸ್ಯದ ಗೊಂಬೆ ಬಂಗಾರಕ್ಕನಿಗೆ ಬೇಕೇ ಹೊರತು ಸೀತೆಗಲ್ಲ. ನಾನು ಮಾಡುವುದಿಷ್ಟೇ: ಉಸಿರು ಕಡಿಮೆ ಮಾಡಿ, ನಿಧಾನಿಸಿ, ವಾಕ್ಯದ ಕೊನೆಯನ್ನು ಇಳಿಸುವುದು. ಹುಲ್ಲುಕಡ್ಡಿಯನ್ನು ನಡುವೆ ಇಟ್ಟು ಅವಳು ರಾವಣನೊಂದಿಗೆ ಮಾತಾಡಿದಳೆಂದು ವಾಲ್ಮೀಕಿಯಲ್ಲೇ ಇದೆ. ಅದನ್ನು ನಾನು ಹೀಗೆ ಆಡುತ್ತೇನೆ: ಗೊಂಬೆಯ ಕೈ ಮೆಲ್ಲಗೆ ನೆಲಕ್ಕೆ ಇಳಿದು ಮೇಲೆ ಬರುತ್ತದೆ, "ಈ ಕಡ್ಡಿಯ ಆಚೆ ನಿಲ್ಲು. ಹೇಳುವುದಿದ್ದರೆ ಇದಕ್ಕೇ ಹೇಳು." ಕೈ ಮೊದಲು ಇಳಿಯಬೇಕು, ಮಾತು ಆಮೇಲೆ. ತಿರುಗುಮುರುಗಾದರೆ ಕಡ್ಡಿ ಯಾರಿಗೂ ಕಾಣುವುದಿಲ್ಲ, ಏಕೆಂದರೆ ಕಡ್ಡಿಯೇ ಇಲ್ಲವಲ್ಲ.

ಕಷ್ಟ ಇರುವುದು ಒಂದು ದನಿಯಿಂದ ಇನ್ನೊಂದಕ್ಕೆ ದಾಟುವಲ್ಲಿ. ರಾವಣನಾಗಿ ಅಬ್ಬರಿಸಿದ ಗಂಟಲು ಆ ಕ್ಷಣಕ್ಕೇ ಸೀತೆಗೆ ಬಗ್ಗುವುದಿಲ್ಲ, ಒಡಕು ಬರುತ್ತದೆ. ಹಿಮ್ಮೇಳ ಇರುವುದು ಅದಕ್ಕೇ. ರಾವಣನ ಕೊನೆಯ ಮಾತನ್ನು ನಾನು ಎಳೆದೆನೆಂದರೆ ಮಗ ಮದ್ದಳೆಯಲ್ಲಿ ಮುಕ್ತಾಯ ಕೊಡುತ್ತಾನೆ, ಮುಖವೀಣೆಯವರು ಎರಡು ಆವರ್ತ ತುಂಬುತ್ತಾರೆ. ನನಗೆ ಉಗುಳು ನುಂಗಿ ಉಸಿರೆಳೆದುಕೊಳ್ಳಲು ಅಷ್ಟು ಸಾಕು. ಹಾಡು ಮನೆಯಾಕೆಯದು, ಹಾರ್ಮೋನಿಯಂ ಕೂಡ ಅವಳದೇ. ಅವಳು ಹಿಡಿದ ಶ್ರುತಿಯ ಕೆಳಗೆ ರಾವಣ, ಶ್ರುತಿಯ ಮೇಲೆಯೇ ಸೀತೆ, ಅದರ ಮೇಲೆ ಹನುಮ. ಬೆಳಗಿನ ಜಾವ ಸುಸ್ತಾದಾಗ ಮೂವರ ದನಿಯೂ ಒಂದೇ ಕಡೆ ಜಾರತೊಡಗುತ್ತದೆ. ಆಗ ಅವಳು ಸೀತೆಯ ಸ್ವರವನ್ನೇ ಒತ್ತಿ ಹಿಡಿಯುತ್ತಾಳೆ, ನಾನು ಅಲ್ಲಿಗೆ ಮರಳುತ್ತೇನೆ.

ಹನುಮನಿಗೆ ಎರಡು ಗೊಂಬೆ. ಗೇಣುದ್ದದ್ದು ಮರದಲ್ಲಿ ಚುಚ್ಚಿರುತ್ತದೆ. ಉಂಗುರ ಕೊಟ್ಟ ಮೇಲೂ ಸೀತೆ "ನಿನ್ನಂಥ ಸಣ್ಣ ಕಪಿಗಳು ಕಡಲು ದಾಟಿಯಾರೇ?" ಎಂದು ಅನುಮಾನಿಸುತ್ತಾಳೆ, ಅವನು ಬೆಳೆದು ತೋರಿಸಬೇಕು. ನಮ್ಮ ದೀಪ ನನಗೂ ಪರದೆಗೂ ನಡುವೆ, ನೆತ್ತಿಗಿಂತ ಮೇಲೆ ತೂಗುತ್ತದೆ. ಸಣ್ಣ ಹನುಮನನ್ನು ಬಟ್ಟೆಯಿಂದ ಬಿಡಿಸಿ ದೀಪದ ಕಡೆ ಎಳೆದರೆ ನೆರಳು ಹಿಗ್ಗುತ್ತಾ ಮಂಜಾಗುತ್ತದೆ. ಪೂರ್ತಿ ಮಸುಕಾದ ಹೊತ್ತಿಗೆ ಮೈದುನ ದೊಡ್ಡ ಹನುಮನನ್ನು ತಟ್ಟನೆ ಬಟ್ಟೆಗೆ ಒತ್ತುತ್ತಾನೆ, ಮದ್ದಳೆ ಒಂದು ಪೆಟ್ಟು. ಇದು ಎಣ್ಣೆದೀಪದಲ್ಲಿ ಚೆನ್ನ, ಒಂದೇ ಬಲ್ಬಿನಲ್ಲೂ ಆಗುತ್ತದೆ. ಟ್ಯೂಬ್‌ಲೈಟಿನಲ್ಲಿ ಆಗದು, ಬೆಳಕು ಉದ್ದಕ್ಕೂ ಹರಡಿರುವುದರಿಂದ ಗೊಂಬೆ ಬಟ್ಟೆ ಬಿಟ್ಟ ಕೂಡಲೇ ನೆರಳು ಬೆಳೆಯುವ ಮೊದಲೇ ಕರಗಿಹೋಗುತ್ತದೆ. ಸಭಾಂಗಣದವರು "ಟ್ಯೂಬ್ ಇದೆಯಲ್ಲ ಯಜಮಾನ್ರೇ" ಎಂದರೂ ನಾನು ಒಪ್ಪುವುದಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ಕಾಟ ಇಬ್ಬನಿ. ನಡುರಾತ್ರಿ ಕಳೆದರೆ ಪರದೆ ತೇವವಾಗುತ್ತದೆ, ಅದಕ್ಕೆ ಒರಗಿದ ತೊಗಲು ಮೆತ್ತಗಾಗಿ ರಾವಣನ ಕೈಗಳು ಜೋತು ಬೀಳುತ್ತವೆ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತದೆ: ಒಣಗಿದ ಗೊಂಬೆ ಅಲುಗಿಸಿದರೆ ಪಟಪಟ ಅನ್ನುತ್ತದೆ, ತೇವ ಕುಡಿದದ್ದು ಸದ್ದೇ ಮಾಡುವುದಿಲ್ಲ. ಅಂಥದ್ದನ್ನು ಇಳಿಸಿ ದೀಪದಿಂದ ಮೊಳ ದೂರದಲ್ಲಿ ನೇತು ಹಾಕಬೇಕು. ಅವಸರಕ್ಕೆ ಬಿದ್ದು ಹತ್ತಿರ ಹಿಡಿದರೆ ತೊಗಲು ಸುಟ್ಟ ಹಪ್ಪಳದಂತೆ ಮುದುರುತ್ತದೆ, ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಅಷ್ಟು ಹೊತ್ತು ಪರದೆ ಖಾಲಿ ಬಿಡುವಂತಿಲ್ಲವಲ್ಲ, ಆಗ ನಮ್ಮಾಟದ ಹಾಸ್ಯಗಾರ ಗೊಂಬೆ ಕಿಳ್ಳೇಕ್ಯಾತ ಬರುತ್ತಾನೆ. ಮೂಗಿನಲ್ಲಿ ಮಾತಾಡುತ್ತಾ, ಬಂಗಾರಕ್ಕನ ಜೊತೆ ಜಗಳ ತೆಗೆದು, ಆ ಊರಿನ ಅಡಿಕೆ ದರ, ಕೆಟ್ಟ ರಸ್ತೆ, ಮಂಗನ ಕಾಟ ಎಲ್ಲ ಎತ್ತುತ್ತಾನೆ. "ಹನುಮಪ್ಪ ಲಂಕೆಗೆ ಹೋದ, ಅವನ ಮರಿಮಕ್ಕಳು ಇವರ ತೋಟಕ್ಕೆ ಬಂದ್ವು" ಅಂದರೆ ನಿದ್ದೆಗಣ್ಣಿನವರೂ ಎದ್ದು ಕೂರುತ್ತಾರೆ.

ಕಲಿಯಲು ಬಂದ ಹುಡುಗರಿಗೂ ನಾನು ಮೊದಲು ಕೊಡುವುದು ಅವನನ್ನೇ. ಕಿಳ್ಳೇಕ್ಯಾತನ ಮಾತಿಗೆ ಬಾಯಿಪಾಠವಿಲ್ಲ, ಕೈಕಾಲು ಕತ್ತು ಎಲ್ಲ ಅಲುಗುವ ಗೊಂಬೆ, ಮೂಗಿನ ದನಿ ಗಂಟಲಿಗೆ ಭಾರವಲ್ಲ. ಕೈ ಮತ್ತು ಮಾತು ಒಟ್ಟಿಗೆ ನಡೆಯುವುದು ಅವನಲ್ಲಿ ಕೂತ ಮೇಲೆ ಹನುಮ, ಆಮೇಲೆ ರಾವಣ. ಸೀತೆಯನ್ನು ಎಲ್ಲರಿಗಿಂತ ಕೊನೆಗೆ ಕೊಡುತ್ತೇನೆ.